ರಾಶಿಯ ನಡು

ಮೂರು ವರ್ಷದ ಆರ್ಟಿಕಲ್‌ಶಿಪ್ ತರಬೇತಿ ಮುಗಿದ ದಿನ ಆಡಿಟ್ ಆಫೀಸಿನವರು ಅವಳಿಗೊಂದು ಪೆನ್ನು ಕೊಟ್ಟರು, ಬಿಸ್ಕತ್ತು ತರಿಸಿದರು, ಚಪ್ಪಾಳೆ ತಟ್ಟಿದರು. ಅವಳಿಗೆ ಏನೂ ಅನ್ನಿಸಲಿಲ್ಲ. ದುಃಖವೂ ಇಲ್ಲ, ಬಿಡುಗಡೆಯೂ ಇಲ್ಲ. ಬಿಸ್ಕತ್ತು ಮೆತ್ತಗಾಗಿತ್ತು ಎಂಬುದಷ್ಟೇ ನೆನಪಿನಲ್ಲಿ ಉಳಿಯಿತು.

ಕನ್ನಡಕದಂಗಡಿಯ ಮೇಲಿನ ಎರಡು ಕೋಣೆ ಆ ಆಫೀಸು. ಅಲ್ಲಿ ಅವಳಿಗೆ ಟಿಕ್ಕಮ್ಮ ಎಂದು ಹೆಸರು. ಲೆಕ್ಕ ತಪಾಸಣೆಗೆ ಹೋದವರು ಒಂದೊಂದು ಕಾಗದ ನೋಡಿದ ಮೇಲೂ ಅದರ ಪಕ್ಕ ಒಂದು ಗುರುತು ಹಾಕಬೇಕು, 'ನಾನು ಇದನ್ನು ನೋಡಿದ್ದೇನೆ' ಅಂತ. ಇವಳದು ಹಸಿರು ಪೆನ್ಸಿಲ್ಲಿನ ಟಿಕ್ಕು. ಅಳತೆಪಟ್ಟಿ ಇಟ್ಟು ಹಾಕಿದಳೇನೋ ಅನ್ನುವಷ್ಟು ನೇರ. ಬೇರೆಯವರ ಫೈಲು ಕೋಳಿ ಕೆದರಿದ ಹಾಗಿದ್ದರೆ ಇವಳದು ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತಿತ್ತು. ಬಟ್ಟೆಯೂ ಹಾಗೇ. ಮನೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಅಮ್ಮ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು: "ನನ್ ಮಗಳು ಬೆಳಿಗ್ಗೆ ಹಾಕ್ಕೊಂಡು ಹೋದ ಅಂಗಿ ಸಂಜೆ ಹಂಗೇ ಮಡಿಚಿಡ್ಬಹುದು. ಒಂದು ಕಲೆ ಇರಲ್ಲ."

ವಾಣಿಜ್ಯ ಪದವಿ ಇತ್ತು. ಸಿಎ ಓದಿನ ನಡುಹಂತದ ಪರೀಕ್ಷೆ ಪಾಸಾಗಿತ್ತು. ಕೊನೆಯ ಪರೀಕ್ಷೆ ಎರಡು ಸಲ ಕೈಕೊಟ್ಟಿತ್ತು. ಇಂಥವರಿಗೆ ಉದ್ಯೋಗ ಮಾರುಕಟ್ಟೆಯಲ್ಲಿ 'ಅರ್ಧ ಸಿಎ' ಎಂಬ ಬಿರುದು ಉಂಟು. ಅತ್ತ ಸ್ವರ್ಗವಿಲ್ಲ, ಇತ್ತ ಭೂಮಿಯಿಲ್ಲ, ತ್ರಿಶಂಕುವಿನ ಸಂತತಿ. ಅಮ್ಮನ ಕಣ್ಣು ಸೂಜಿಗೆ ದಾರ ಪೋಣಿಸಲು ತಡವರಿಸತೊಡಗಿತ್ತು. ಅಪ್ಪ ಲಾರಿಗಳನ್ನು ತೂಗುವ ತೂಕದ ಕಟ್ಟೆಯಲ್ಲಿ ಚೀಟಿ ಬರೆಯುವವನು, ಇನ್ನೊಂದು ವರ್ಷಕ್ಕೆ ನಿವೃತ್ತಿ. ಈ ತಿಂಗಳೊಳಗೆ ಕೆಲಸ ಸಿಗಲೇಬೇಕಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಯಾರೂ ಹೇಳದೆ ಉಂಡು ಏಳುತ್ತಿದ್ದರು, ಅದರಲ್ಲೇ ಗೊತ್ತಾಗುತ್ತಿತ್ತು.

ಯಜಮಾನರು, ಅಂದರೆ ಅವಳಿಗೆ ಕೆಲಸ ಕಲಿಸಿದ ಹಿರಿಯ ಆಡಿಟರು, ತರಬೇತಿ ಮುಗಿದ ಫಾರಂಗೆ ಸಹಿ ಹಾಕಿ, ಜೊತೆಗೊಂದು ಪರಿಚಯ ಪತ್ರ ಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟುಕೊಂಡು ಅವಳು ಹೊರಟಳು.

ಮೊದಲು ತೆರಿಗೆ ಸಲಹೆಗಾರರೊಬ್ಬರ ಕಚೇರಿ. ಹೊರಗಿನ ಬೆಂಚಿನ ಮೇಲೆ ಹನ್ನೊಂದು ಜನ. ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಹೊದಿಕೆ, ಎಲ್ಲರ ಬಯೋಡೇಟಾದಲ್ಲೂ ಅದೇ 'ತಂಡದಲ್ಲಿ ಹೊಂದಿಕೊಳ್ಳುವ ಸ್ವಭಾವ'. ಒಳಗೆ ಕೂತಿದ್ದವರು ತಲೆ ಎತ್ತದೆ ಕೇಳಿದರು, "ದಿನಕ್ಕೆ ಎಷ್ಟು ರಿಟರ್ನ್ ಹಾಕ್ತೀರಾ?"

"ಸರಿಯಾಗಿ ನೋಡಿ ಹಾಕಿದ್ರೆ ಎಂಟು, ಸಾರ್."

"ಈಗ ಹೋದ ಹುಡುಗ ನಲವತ್ತು ಅಂದ."

ಅವಳು ಎದ್ದು ಬಂದಳು. ಆ ಹುಡುಗ ಗೇಟಿನ ಹತ್ತಿರ ನಿಂತು ಕಡಲೆಕಾಯಿ ತಿನ್ನುತ್ತಿದ್ದ. "ನಲವತ್ತು ಅಂದ್ಯಂತೆ?" ಎಂದಳು. "ಬಾಯ್ಮಾತಿಗೇನು ಬಂಡವಾಳ ಬೇಕಾ ಅಕ್ಕ," ಎಂದು ನಕ್ಕು ಅವಳಿಗೂ ನಾಲ್ಕು ಕೊಟ್ಟ.

ಆಮೇಲೆ ಒಂದು ದೊಡ್ಡ ಕಂಪನಿಯ ಹಣಕಾಸು ವಿಭಾಗ. ಬಂದ ಬಿಲ್ಲನ್ನು ಖರೀದಿ ಆದೇಶಕ್ಕೂ ಸರಕು ಬಂದ ರಸೀದಿಗೂ ಹೊಂದಿಸಿ ನೋಡುವ ಕೆಲಸ. ಪರೀಕ್ಷೆ ಚೆನ್ನಾಗಿ ಮಾಡಿದಳು. ಕೊನೆಗೆ, "ಮತ್ತೆ ಸಿಎ ಪರೀಕ್ಷೆ ಬರೀತೀರಾ?" ಎಂದರು. ಬರೀತೀನಿ ಅಂದಳು. "ಹಾಗಾದ್ರೆ ರಜೆ ಕೇಳ್ತೀರಾ," ಎಂದು ಫೈಲು ಮುಚ್ಚಿದರು. ಇನ್ನೊಂದು ಕಡೆ, ಬರೆಯಲ್ಲ ಅಂದಳು. "ಹಾಗಾದ್ರೆ ಮಹತ್ವಾಕಾಂಕ್ಷೆ ಇಲ್ವಾ?" ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮೂವತ್ತೆಂಟು ಅರ್ಜಿ ಹಾಕಿದ ಮೇಲೆ ಅವಳು ಎಣಿಸುವುದನ್ನು ಬಿಟ್ಟಳು. ಬೇಡ ಎಂಬ ಪತ್ರ ಬಂದರೂ ಬರದಿದ್ದರೂ ಹಲ್ಲುಜ್ಜುವಷ್ಟೇ ನಿರ್ಲಿಪ್ತವಾಗಿ ಮೊಬೈಲು ನೋಡಿ ಪಕ್ಕಕ್ಕಿಡುತ್ತಿದ್ದಳು.

ಆಗ ಬಂದವನು ಬ್ಯಾಗು. ಅವನೂ ಅದೇ ಆಫೀಸಿನಲ್ಲಿ ಇವಳ ಜೊತೆ ತರಬೇತಿ ಪಡೆದವನು. ಹೆಗಲ ಮೇಲೆ ಸಂಸಾರವನ್ನೇ ತುಂಬಿದಂಥ ಚೀಲ ಸದಾ ಇರುತ್ತಿದ್ದುದರಿಂದ ಆ ಹೆಸರು. ಈಗ ಡಿಜಿಟಲ್ ಪಾವತಿ ನಡೆಸುವ ಒಂದು ಫಿನ್‌ಟೆಕ್ ಕಂಪನಿಯಲ್ಲಿದ್ದ. "ಟಿಕ್ಕಮ್ಮ, ನಮ್ಮಲ್ಲಿಗೆ ಬಾರೆ. ಸಂಬಳ ಆಡಿಟ್ ಆಫೀಸಿನ ಒಂದೂವರೆ ಪಟ್ಟು. ನಿನ್ನ ಕೈಗೆ ಹೇಳಿ ಮಾಡಿಸಿದ ಕೆಲಸ. ಅಂಗಡಿಯೋರು ಕಾರ್ಡ್ ಉಜ್ಜೋ ಮೆಷಿನ್ನಿಗೆ ಅರ್ಜಿ ಹಾಕ್ತಾರೆ. ಗುರುತಿನ ಚೀಟಿ, ನೋಂದಣಿ ಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಅಂಗಡಿ ಫೋಟೋ. ನೋಡು, ಸರಿಯಿದ್ರೆ ಹಸಿರು ಬಟನ್ ಒತ್ತು. ಮುಗೀತು."

ಅಲ್ಲಿ ಪರೀಕ್ಷೆಗೆ ಐವತ್ತು ಅರ್ಜಿ ಕೊಟ್ಟು ಒಂದು ಗಂಟೆ ಎಂದರು. ಅವಳು ಮೂವತ್ತಾರು ನಿಮಿಷದಲ್ಲಿ ಮುಗಿಸಿದಳು. ಪರೀಕ್ಷೆ ನಡೆಸಿದವನು ಹುಬ್ಬೇರಿಸಿದ. "ಎರಡು ತಪ್ಪಿದೆ. ಒಂದೇ ಅಂಗಡಿಯ ಫೋಟೋಗೆ ಎರಡು ಬೇರೆ ಬೋರ್ಡು ಹಾಕಿ ಕಳಿಸಿದಾರೆ, ನೆಲದ ಕಲ್ಲಿನ ಬಿರುಕು ಎರಡರಲ್ಲೂ ಒಂದೇ. ನಾವೇ ಬೇಕಂತ ಇಟ್ಟಿದ್ದು. ಪರವಾಗಿಲ್ಲ, ಐವತ್ತಕ್ಕೆ ಎರಡು ತಾನೆ. ಸ್ಪೀಡ್ ಚೆನ್ನಾಗಿದೆ."

ಸಂಜೆಗೇ ನೇಮಕದ ಪತ್ರ ಬಂತು. ಶನಿವಾರದೊಳಗೆ ಒಪ್ಪಿಗೆ ಕಳಿಸಬೇಕು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಅವಳ ಕೆನ್ನೆ ಸವರಿದಳು. ಅಪ್ಪ ಅಂಗಿ ಗುಂಡಿ ಬಿಚ್ಚುತ್ತಾ ಕೇಳಿದ, "ಕೆಲಸ ಏನು ಪುಟ್ಟಿ?"

"ಬಂದ ಅರ್ಜಿ ನೋಡಿ ಹೌದು ಅನ್ನೋದು, ಅಪ್ಪ."

"ಇಲ್ಲ ಅನ್ನೋದು?"

"ಅನುಮಾನ ಬಂದ್ರೆ ಬೇರೆ ಟೀಮಿಗೆ ಕಳಿಸ್ಬೇಕು."

"ನೀನು ಎಷ್ಟು ಕಳಿಸ್ದೆ ಇವತ್ತು?"

"ಒಂದೂ ಇಲ್ಲ."

ಅಪ್ಪ ಹೂಂಗುಟ್ಟಿದ. ಅವನದು ಒಂದೇ ಶಾಸ್ತ್ರ: ಲಾರಿ ತುಂಬಿದಾಗ ತೂಗುವುದು ಯಾರಿಗಾದರೂ ಬರುತ್ತದೆ, ಖಾಲಿ ಇದ್ದಾಗಲೂ ತೂಗಬೇಕು, ಇಲ್ಲದಿದ್ದರೆ ಸರಕು ಎಷ್ಟು, ಗಾಡಿ ಎಷ್ಟು ಗೊತ್ತಾಗುವುದಿಲ್ಲ. ಮನೆಯಲ್ಲಿ ಎಲ್ಲದಕ್ಕೂ ಇದನ್ನೇ ಹೇಳಿ ಹೇಳಿ ಅದರ ರುಚಿ ಕೆಟ್ಟುಹೋಗಿತ್ತು. ಅಂದು ಹೇಳಲಿಲ್ಲ. ಮಗಳಿಗೆ ಕೆಲಸ ಸಿಕ್ಕಿದ ದಿನ ಬೇಡ ಅನ್ನಿಸಿರಬೇಕು.

ನಿಜ ಹೇಳಬೇಕೆಂದರೆ ಅವಳಿಗೆ ಬೇಕಿದ್ದದ್ದು ಆಡಿಟ್ಟೇ. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ತನಗೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಮರುದಿನ ಬುಧವಾರ ಒಂದು ದೊಡ್ಡ ಆಡಿಟ್ ಸಂಸ್ಥೆಯಲ್ಲಿ ಸಂದರ್ಶನ ಇತ್ತು. ಸಂಬಳ ಕಡಿಮೆ, ಪರೀಕ್ಷೆಗೆ ರಜೆ ಕೊಡುತ್ತಾರೆ, ಕೊನೆಗೆ ಪಾಸಾದರೆ ಅಲ್ಲೇ ಮೇಲಕ್ಕೇರಬಹುದು. ಬಸ್ಸಿನ ದುಡ್ಡು ದಂಡವಾದರೂ ಆಗಲಿ ಎಂದು ಹೋದಳು.

ಅಲ್ಲಿನ ಮ್ಯಾನೇಜರು ಐವತ್ತರ ಹೆಂಗಸು. ಮೂಗಿನ ತುದಿಗೆ ಕನ್ನಡಕ, ಮೇಜಿನ ಮೇಲೆ ತಣ್ಣಗಾದ ಚಹಾ. ಯಜಮಾನರ ಪರಿಚಯ ಪತ್ರ ಅವರ ಮುಂದಿತ್ತು. ಬಯೋಡೇಟಾ ಮೇಲೆ ಬೆರಳಿಟ್ಟು ಕೇಳಿದರು, "ಹದಿನಾಲ್ಕು ಕಡೆ ಸರಕು ಎಣಿಕೆಗೆ ಹೋಗಿದೀನಿ ಅಂತ ಬರ್ದಿದೀರಿ. ಎಲ್ಲಕ್ಕಿಂತ ದೊಡ್ಡದು ಯಾವುದು?"

"ಬಣ್ಣದ ಡಬ್ಬಿಯ ಗೋದಾಮು, ಮೇಡಂ. ವರ್ಷದ ಕೊನೇ ದಿನದ ಎಣಿಕೆ."

"ಪೆಟ್ಟಿಗೆ ರಾಶಿ ಹಾಕಿರ್ತಾರಲ್ಲ. ನಡುವಿನದ್ದು ಹೇಗೆ ಎಣಿಸಿದ್ರಿ?"

ಇದಕ್ಕೆ ಪುಸ್ತಕದ ಉತ್ತರ ಒಂದಿದೆ, ಅವತ್ತು ತೆರಿಗೆ ಕಚೇರಿಯ ಬೆಂಚಿನ ಮೇಲೆ ಕೂತ ಹನ್ನೊಂದು ಜನವೂ ಅದನ್ನು ನಿದ್ದೆಯಲ್ಲೂ ಹೇಳಿಯಾರು: ಮೇಲೆ ಹತ್ತಿ ನೋಡಿದೆ, ಒಂದು ಸಾಲು ತೆಗೆಸಿದೆ, ಕೆಲವು ಪೆಟ್ಟಿಗೆ ಬಿಚ್ಚಿಸಿದೆ. ಅವಳ ನಾಲಿಗೆಯ ತುದಿಗೂ ಅದು ಬಂದಿತ್ತು. ಆದರೆ ಸುಳ್ಳು ಹೇಳುವುದಕ್ಕೂ ಒಂದಿಷ್ಟು ಹುರುಪು ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ.

"ಎಣಿಸ್ಲಿಲ್ಲ ಮೇಡಂ. ಉದ್ದ ಹನ್ನೆರಡು, ಅಗಲ ಎಂಟು, ಎತ್ತರ ಆರು. ಗುಣಿಸ್ದೆ. ಐನೂರ ಎಪ್ಪತ್ತಾರು. ಅವರ ಪಟ್ಟೀಲೂ ಅಷ್ಟೇ ಇತ್ತು."

"ನಡು ಪೊಳ್ಳಾಗಿದ್ರೆ?"

"ಗೊತ್ತಿಲ್ಲ. ಹತ್ತಿ ನೋಡ್ಲಿಲ್ಲ."

"ನಿಮ್ಮ ಸಾರ್ ಕೇಳ್ಲಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ತಾನಾಗಿ ಪರ್ಸಿನೊಳಗಿನ ಹಸಿರು ಪೆನ್ಸಿಲ್ಲಿಗೆ ಹೋಯಿತು. "ಕೇಳಿದ್ರು. ನನ್ನ ಎಣಿಕೆ ಹಾಳೆ ಮೇಲೆ 'ನಡುವಿನ ಪೆಟ್ಟಿಗೆ ನೋಡಿದೆಯಾ?' ಅಂತ ಬರ್ದು ವಾಪಸ್ ಕಳಿಸಿದ್ರು. ನಾನು 'ನೋಡಿದೆ' ಅಂತ ಬರ್ದು ಟಿಕ್ ಹಾಕ್ದೆ."

ಇವಳ ಮಟ್ಟಿಗೆ ಸಂದರ್ಶನ ಅಲ್ಲಿಗೆ ಮುಗಿದಿತ್ತು. ಮ್ಯಾನೇಜರು ಪರಿಚಯ ಪತ್ರವನ್ನು ತಿರುಗಿಸಿ ಅವಳ ಕಡೆ ಸರಿಸಿದರು.

"ಇದನ್ನ ಓದಿದೀರಾ?"

"ಓದಿದೀನಿ. ಅಚ್ಚುಕಟ್ಟಾದ ಕೆಲಸ, ಸಮಯಪಾಲನೆ, ಒಳ್ಳೆ ನಡತೆ."

"ಅವರ ಆಫೀಸಿಂದ ಇನ್ನಿಬ್ರು ನಮ್ಮಲ್ಲಿದಾರೆ. ಅವರ ಪತ್ರದಲ್ಲಿ ಇದೆಲ್ಲ ಇತ್ತು, ಕೊನೇಲಿ ಇನ್ನೊಂದು ಸಾಲೂ ಇತ್ತು. 'ಇವರನ್ನು ಒಬ್ಬರನ್ನೇ ಕಳಿಸಬಹುದು.' ನಿಮ್ಮದರಲ್ಲಿ ಅದಿಲ್ಲ. ಮರ್ತಿದ್ದಾರೋ, ಬಿಟ್ಟಿದ್ದಾರೋ? ಕೇಳ್ಕೊಂಡು ಬನ್ನಿ. ಶನಿವಾರದವರೆಗೂ ಜಾಗ ಇಟ್ಟಿರ್ತೀನಿ."

ಅವಳು ಮೆಟ್ಟಿಲಿಳಿಯುವಾಗ ಆ ಸಾಲು ಕಾಲಿಗೆ ತೊಡರಿತು. ಒಬ್ಬರನ್ನೇ ಕಳಿಸಬಹುದು. ಬಣ್ಣದ ಗೋದಾಮು ಮೊದಲನೇ ವರ್ಷದ್ದು. ಅದಾದ ಮೇಲೆ ಅವಳು ಹೋದ ಎಣಿಕೆಗಳನ್ನೆಲ್ಲ ಒಂದೊಂದಾಗಿ ನೆನೆದಳು. ಔಷಧಿ ಗೋದಾಮಿಗೆ ಬ್ಯಾಗು ಜೊತೆಗಿದ್ದ. ಬಟ್ಟೆ ಗಿರಣಿಗೆ ಹಿರಿಯ ಗುಮಾಸ್ತರು. ಟೈರು ಉಗ್ರಾಣಕ್ಕೆ ಸ್ವತಃ ಯಜಮಾನರು. ಜೊತೆಗೆ ಆಳು ಕೊಡುತ್ತಾರೆಂದರೆ ತನ್ನ ಸ್ಥಾನ ಏರಿತು ಎಂದೇ ತಿಳಿದಿದ್ದಳು. ಅಮ್ಮನ ಹತ್ತಿರ ಹಾಗೇ ಹೇಳಿಯೂ ಇದ್ದಳು.

ಗುರುವಾರ ಹೋಗಲಿಲ್ಲ. ಫಿನ್‌ಟೆಕ್ಕಿನ ಒಪ್ಪಿಗೆ ಪತ್ರ ತೆರೆದು, ಹೆಸರು ತುಂಬಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಒತ್ತಿದರೆ ಯಾರನ್ನೂ ಏನೂ ಕೇಳಬೇಕಿಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತದೆ, ಅಮ್ಮನಿಗೆ ಕನ್ನಡಕ ಬರುತ್ತದೆ. ಬೆರಳಿನ ಕೆಳಗೆ ಗುಂಡಿ ಹಸಿರಾಗಿ ಹೊಳೆಯುತ್ತಿತ್ತು. ಪರೀಕ್ಷೆಯ ದಿನ ಐವತ್ತು ಸಲ ಒತ್ತಿದ್ದು ನೆನಪಾಯಿತು. ಆ ಎರಡು ಫೋಟೋಗಳಲ್ಲಿ ಏನಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮೊಬೈಲನ್ನು ಬೋರಲು ಹಾಕಿ ಎದ್ದಳು.

ಶುಕ್ರವಾರ ಮಧ್ಯಾಹ್ನ ಯಜಮಾನರು ಒಬ್ಬರೇ ಇದ್ದರು. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. "ಬಾಮ್ಮ. ಕೆಲ್ಸ ಆಯ್ತಾ?" ಎಂದರು.

ಅವಳು ಕೂರಲಿಲ್ಲ. "ಸಾರ್, ಆ ಬಣ್ಣದ ಗೋದಾಮಿನ ಎಣಿಕೇಲಿ ನಾನು ನಡು ನೋಡಿರ್ಲಿಲ್ಲ. ನೋಡಿದೆ ಅಂತ ಸುಳ್ಳು ಬರ್ದೆ."

"ಗೊತ್ತು."

"ಗೊತ್ತಾ?"

"ಅವತ್ತು ಸಂಜೆ ವಾಪಸ್ ಬಂದ್ಯಲ್ಲ, ತಿಳಿನೀಲಿ ಅಂಗಿ ಹಾಕಿದ್ದೆ. ಇಸ್ತ್ರಿ ಸಹ ಮುರಿದಿರ್ಲಿಲ್ಲ. ಆ ಗೋದಾಮಲ್ಲಿ ನಾನು ಇಪ್ಪತ್ತು ವರ್ಷ ಎಣಿಸಿದೀನಿ ಕಣಮ್ಮ. ಬೆರಳುದ್ದ ಧೂಳು. ರಾಶಿ ಹತ್ತಿದೋರು ಮನುಷ್ಯರ ಹಾಗೆ ವಾಪಸ್ ಬರಲ್ಲ."

ಅವಳಿಗೆ ಆ ದಿನ ಕಣ್ಮುಂದೆ ಬಂತು. ಗೋದಾಮಿನ ಮೇಲ್ವಿಚಾರಕ ಕುರ್ಚಿ ಒರೆಸಿ ಕೊಟ್ಟಿದ್ದ. "ನೀವ್ಯಾಕೆ ಮೇಡಂ ಹತ್ತೋದು, ಬಟ್ಟೆ ಹಾಳಾಗುತ್ತೆ," ಎಂದಿದ್ದ. ಅಮ್ಮ ಹೊಲಿದ ಹೊಸ ಅಂಗಿ ಅದು. ಭಯವಲ್ಲ, ಸೋಮಾರಿತನವೂ ಅಲ್ಲ, ಬರೀ ಒಂದು ಅಂಗಿ.

"ನಡು ಪೊಳ್ಳಿತ್ತಾ ಸಾರ್?"

"ಇರ್ಲಿಲ್ಲ. ರಿಪೋರ್ಟಿಗೆ ಸಹಿ ಹಾಕೋ ಮುಂಚೆ ಮುಂದಿನ ಎರಡು ತಿಂಗಳ ಮಾರಾಟ ತೆಗೆದು ನೋಡ್ದೆ. ಅಷ್ಟೂ ಪೆಟ್ಟಿಗೆ ಗೋದಾಮಿಂದ ಹೊರಗೆ ಹೋಗಿತ್ತು, ಕೊಂಡೋರು ತಗೊಂಡೆ ಅಂತ ಸಹಿ ಹಾಕಿದ್ರು, ದುಡ್ಡೂ ಬಂದಿತ್ತು. ನಡುವೆ ಹೊಸ ಸರಕು ಬಂದಿರ್ಲಿಲ್ಲ. ಇಲ್ದೇ ಇದ್ದ ಪೆಟ್ಟಿಗೆ ಹೆಂಗೆ ಹೋಗುತ್ತೆ? ಫೈಲಿನಲ್ಲಿ ನನ್ನ ಕೈಬರಹದಲ್ಲಿ ಬರ್ದಿಟ್ಟಿದೀನಿ."

"ಮತ್ತೆ ನನಗ್ಯಾಕೆ ಬೈಲಿಲ್ಲ?"

ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಬೈದಿದ್ರೆ ನನಗೆ ಹೆದರಿ ಹತ್ತುತಿದ್ದೆ. ನಾನಿಲ್ಲದ ಕಡೆ? ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂದು ವಾರ, ಒಂದು ತಿಂಗಳು. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು. ಅದು ನನ್ನ ತಪ್ಪು."

ತಪ್ಪೇ ಸರಿ. ಕಲಿಯಲು ಬಂದವಳ ತಪ್ಪನ್ನು ಎರಡು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಕೊನೆಗೆ ಪತ್ರದಲ್ಲಿ ಒಂದು ಸಾಲು ಬಿಟ್ಟು ತೀರಿಸಿಕೊಳ್ಳುವುದು ಗುರುವಿನ ಕೆಲಸವಲ್ಲ. ಒಳ್ಳೆಯವರು ಕೆಲವೊಮ್ಮೆ ಇಂಥ ಕ್ರೌರ್ಯ ಮಾಡುತ್ತಾರೆ, ಅದೂ ದಾಕ್ಷಿಣ್ಯದಿಂದ. ಅವಳು ಮಾತ್ರ ಅದನ್ನು ಯೋಚಿಸಲಿಲ್ಲ. ಎಷ್ಟೋ ತಿಂಗಳಿಂದ ಮರಗಟ್ಟಿದ್ದ ಎದೆಯೊಳಗೆ ಏನೋ ಚುರ್ ಎಂದಿತು. ನಾಚಿಕೆ. ಅಪ್ಪಟ, ಬಿಸಿ ನಾಚಿಕೆ. ಕಿವಿಯ ತನಕ ಕೆಂಪಾದಳು. ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿತಲ್ಲ ಎಂದು ಅಳುವೂ ಬಂತು. ಯಜಮಾನರು ಕಿಟಕಿಯ ಕಡೆ ನೋಡುತ್ತಾ ಕೂತರು.

ಮೂಗು ಒರೆಸಿಕೊಂಡು ಅವಳು ಪರಿಚಯ ಪತ್ರ ಮೇಜಿನ ಮೇಲಿಟ್ಟಳು. "ಆ ಸಾಲು ಸೇರಿಸಿ ಹೊಸ ಪತ್ರ ಕೊಡ್ತೀರಾ ಅಂತ ಕೇಳೋಕೆ ಮುಖ ಇಲ್ಲ ಸಾರ್."

"ಹೊಸ ಪತ್ರ ಕೊಡಲ್ಲ. ಅವತ್ತಿನ ದಿನಕ್ಕೆ ಅದು ಸರಿಯಾಗೇ ಇತ್ತು. ಸಹಿ ಹಾಕಿದ ಕಾಗದ ಅಳಿಸಬಾರದು ಅಂತ ಯಾರು ಕಲಿಸಿದ್ರು ನಿನಗೆ?"

"ನೀವೇ."

"ಹಾಗಿದ್ರೆ ಏನು ಮಾಡ್ಬೇಕು?"

"ಕೆಳಗೆ ಹೊಸದಾಗಿ ಬರೀಬೇಕು. ತಾರೀಖು ಹಾಕ್ಬೇಕು. ಯಾಕೆ ಅಂತಾನೂ ಬರೀಬೇಕು."

ಯಜಮಾನರು ಪೆನ್ನು ಬಿಚ್ಚಿದರು. ಸಹಿಯ ಕೆಳಗೆ ಅಂದಿನ ತಾರೀಖು ಹಾಕಿ, ನಿಧಾನವಾಗಿ ಬರೆದರು: 'ಒಂದು ಎಣಿಕೆಯಲ್ಲಿ ತಾನು ಮಾಡಿದ ತಪ್ಪನ್ನು ಈ ದಿನ ತಾನೇ ಬಂದು ಹೇಳಿದ್ದಾಳೆ. ಯಾರೂ ಒತ್ತಾಯ ಮಾಡಿರಲಿಲ್ಲ.' ಮತ್ತೆ ಸಹಿ. ಒಬ್ಬಳನ್ನೇ ಕಳಿಸಬಹುದು ಎಂಬ ಸಾಲು ಈಗಲೂ ಇರಲಿಲ್ಲ. ಅವಳು ಕೇಳಲೂ ಇಲ್ಲ.

ಶನಿವಾರ ಮ್ಯಾನೇಜರು ಅದನ್ನು ನಿಂತಲ್ಲೇ ಓದಿದರು. "ಆರು ತಿಂಗಳು ಪರೀಕ್ಷಾರ್ಥ. ಜೊತೆಗೆ ಒಬ್ಬರು ಇರ್ತಾರೆ. ಆಮೇಲೆ ನೋಡೋಣ," ಎಂದು ಫೈಲಿಗೆ ಹಾಕಿದರು. ಅವಳು ಬ್ಯಾಗುವಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. "ಕೈಗೆ ಬಂದ ತುತ್ತು ಬಿಟ್ಯಲ್ಲೇ, ನಿನಗೇನು ಹುಚ್ಚಾ?" ಎಂದು ಅವನು ಬೈದ. ಅಮ್ಮ ಬೈಯಲಿಲ್ಲ. ಸಂಬಳ ಎಷ್ಟೆಂದು ಕೇಳಿ, ಸೂಜಿ ಮತ್ತು ದಾರವನ್ನು ಮಗಳ ಕೈಗೆ ಕೊಟ್ಟು, "ಪೋಣಿಸ್ಕೊಡು," ಎಂದಳು. ಕನ್ನಡಕ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು.

ಏಳನೇ ತಿಂಗಳ ಒಂದು ಸಂಜೆ ಅವಳು ಮನೆಯ ಬಾಗಿಲಿಗೆ ಬಂದಾಗ ಅಮ್ಮ, ಹೊಸ ಕನ್ನಡಕದೊಳಗಿಂದ, ಒಮ್ಮೆ ಗುರುತೇ ಹಿಡಿಯಲಿಲ್ಲ. ಕೂದಲಲ್ಲಿ ಜೇಡರ ಬಲೆ. ತಿಳಿನೀಲಿ ಅಂಗಿ ಯಾವ ಬಣ್ಣದ್ದೆಂದು ಹೇಳುವ ಹಾಗಿರಲಿಲ್ಲ. ಮೊಣಕೈ ತರಚಿ, ತೋಳು ಒಂದು ಕಡೆ ಹರಿದಿತ್ತು.

"ಅಯ್ಯೋ ನಿನ್ನ! ಎಲ್ಲಿ ಹೊರಳಾಡಿ ಬಂದ್ಯೇ? ಆಫೀಸಿಗೆ ಹೋಗಿದ್ಯೋ, ಗಣಿಗೆ ಹೋಗಿದ್ಯೋ?"

"ಎಣಿಕೆಗೆ ಹೋಗಿದ್ದೆ, ಅಮ್ಮ."

"ಜೊತೇಲಿ ಯಾರೂ ಇರ್ಲಿಲ್ವಾ ಹತ್ತೋಕೆ?"

"ಇಲ್ಲ," ಎಂದಳು ಅವಳು. "ಇವತ್ತು ಒಬ್ಬಳನ್ನೇ ಕಳಿಸಿದ್ರು."

ಅಪ್ಪ ಒಳಗಿಂದ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದ. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟ.